ಚಕ್ಕರ್: ಅಂಚು, ತಿರುಗು, ದೂರ

ಕೇಳುಗರಿಗೆ ನಮಸ್ಕಾರ.

ಬೆರಳ ಮೇಲೆ ತಿರುಗುವ ಚಕ್ರವೆಂದರೆ ನಮಗೆ ಕೃಷ್ಣನ ಸುದರ್ಶನ ನೆನಪಾಗುತ್ತದೆ. ಪಂಜಾಬಿನ ಸಿಖ್ ಯೋಧ ಪಂಥದವರಾದ ಅಕಾಲಿ ನಿಹಂಗರು ಅಂಥ ಚಕ್ರವನ್ನು ನಿಜವಾಗಿಯೂ ಯುದ್ಧಕ್ಕೆ ಒಯ್ಯುತ್ತಿದ್ದರು. ಅವರ ಮಾತಿನಲ್ಲಿ ಅದು ಚಕ್ಕರ್. ಗೋಪುರದಂತೆ ಎತ್ತರಕ್ಕೆ ಸುತ್ತಿದ ಪೇಟಕ್ಕೆ, ಕೆಳಗೆ ದೊಡ್ಡದು ಮೇಲೆ ಚಿಕ್ಕದು ಎಂಬಂತೆ, ಹಲವನ್ನು ತೊಡಿಸಿಕೊಳ್ಳುತ್ತಿದ್ದರು.

ಅದು ಉಕ್ಕಿನ ಚಪ್ಪಟೆ ಬಳೆ. ಹೊರ ಅಂಚು ಮಾತ್ರ ಹರಿತ, ಬೆರಳು ತಾಗುವ ಒಳ ಅಂಚು ನುಣುಪು. ಲೆಕ್ಕಕ್ಕೆ ಒಂದನ್ನು ತೆಗೆದುಕೊಳ್ಳೋಣ: ಅಡ್ಡಳತೆ 24 ಸೆಂಟಿಮೀಟರ್, ಪಟ್ಟಿಯ ಅಗಲ ಎರಡೂವರೆ ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ತೂಕ ಸುಮಾರು ಕಾಲು ಕಿಲೋ ಬರುತ್ತದೆ.

ಇಷ್ಟೇ ತೂಕದ ಕಲ್ಲನ್ನು ಒಂದೂವರೆ ಮೀಟರ್ ಎತ್ತರದಿಂದ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರವಾಗಿ ಮುಂದಕ್ಕೆ ಎಸೆದರೆ 11 ಮೀಟರಿನಲ್ಲೇ ನೆಲ ಮುಟ್ಟುತ್ತದೆ. ಬಳೆ ಅಷ್ಟು ಬೇಗ ಬೀಳುವುದಿಲ್ಲ. ಮುಂಭಾಗ ತುಸುವೇ ಎತ್ತಿಕೊಂಡು ಹಾರುವ ಆ ಪಟ್ಟಿಯನ್ನು ಗಾಳಿ ರೆಕ್ಕೆಯಂತೆ ಹೊರುತ್ತದೆ. ತೆಳುವಾದ ಅಂಚು ಗಾಳಿಯನ್ನು ಸೀಳುವುದರಿಂದ ವೇಗವೂ ನಿಧಾನವಾಗಿ ಕುಗ್ಗುತ್ತದೆ. ಆದರೆ ಗಾಳಿಯ ಒತ್ತು ಮುಂಭಾಗಕ್ಕೇ ಹೆಚ್ಚು. ತಿರುಗದ ಬಳೆಯಾದರೆ ಮೂತಿ ಎತ್ತಿ ಮಗುಚಿಬೀಳುತ್ತದೆ. ತಿರುಗುವ ಬಳೆ ಬುಗುರಿಯ ಹಾಗೆ ತನ್ನ ನಿಲುವನ್ನು ಬಿಟ್ಟುಕೊಡದೆ, ನಿಧಾನವಾಗಿ ಒಂದು ಪಕ್ಕಕ್ಕೆ ಮಾತ್ರ ವಾಲುತ್ತದೆ. ತೂಕವೆಲ್ಲ ಅಂಚಿನಲ್ಲೇ ಇರುವುದರಿಂದ, ಅಷ್ಟೇ ಅಗಲ, ಅಷ್ಟೇ ತೂಕದ ತುಂಬು ತಟ್ಟೆಗಿಂತ ಈ ಹಠ ಒಂದೂವರೆ ಪಟ್ಟಿಗೂ ಹೆಚ್ಚು. ನಡುವಿನ ತೂತಿನಿಂದ ಇನ್ನೂ ಒಂದು ಲಾಭವಿದೆ: ಹಿಂದಿನ ಪಟ್ಟಿಯೂ ಗಾಳಿಗೆ ಸಿಕ್ಕು ಒಂದಷ್ಟು ಭಾರ ಹೊರುತ್ತದೆ, ಮೂತಿಯೆತ್ತುವ ಒತ್ತಡ ತಗ್ಗುತ್ತದೆ.

ತಿರುಗುವುದರಿಂದಲೇ ಅದು ಗರಗಸದಂತೆ ಕೊಯ್ಯುತ್ತದೆ ಎಂಬ ಮಾತಿದೆ. ಸೆಕೆಂಡಿಗೆ 8 ಸುತ್ತು ತಿರುಗಿದರೂ ಅಂಚಿನ ವೇಗ 6 ಮೀಟರ್ ಅಷ್ಟೆ. ಕೊಯ್ತದ ಬಲ ಬಹುಪಾಲು ಹಾರುವ ವೇಗದ್ದು. ತಿರುಗಿನ ಕೆಲಸ ಬಳೆಯನ್ನು ಚಪ್ಪಟೆಯಾಗಿ ಒಯ್ದು ಅಂಚನ್ನೇ ಗುರಿಗೆ ತಾಗಿಸುವುದು.

ಬಳೆ ಸೊಟ್ಟಗಾದರೆ ಹಾರಾಟದಲ್ಲಿ ತೊನೆಯುತ್ತದೆ, ದೂರ ಹೋಗುವುದಿಲ್ಲ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಒತ್ತಿದಾಗ ಕುಲುಕಿದರೆ ಸೊಟ್ಟಗಾಗಿದೆ ಎಂದರ್ಥ. ಮಸೆಯುವಾಗ ಒಂದೇ ಕಡೆ ಹೆಚ್ಚು ಸವೆದಿದ್ದರೂ ಇದೇ ತೊಂದರೆ. ತೆಳುವಾದ ನುಣುಪು ಸರಳಿಗೆ ಪ್ರತಿಸಲ ಬೇರೆ ಬೇರೆ ಕಡೆಯಿಂದ ತೂಗುಹಾಕಿ, ಜಾರುವಂತೆ ಮೆಲ್ಲಗೆ ಅಲುಗಿಸಿ ನೋಡಬೇಕು. ಪ್ರತಿಸಲವೂ ಒಂದೇ ಭಾಗ ಕೆಳಗೆ ಬಂದು ನಿಂತರೆ ಆ ಭಾಗದ ತೂಕ ಹೆಚ್ಚಿದೆ.

ಎಸೆಯುವುದರಲ್ಲಿ ಎರಡು ಬಗೆ. ಕೈಯೆತ್ತಿ ತೋರುಬೆರಳ ಸುತ್ತ ಗರಗರ ತಿರುಗಿಸಿ ಬಿಡುವುದು ಕಣ್ಣಿಗೆ ಚೆಂದ, ಗುರಿಗೆ ಕಷ್ಟ. ಸೆಕೆಂಡಿಗೆ 5 ಸುತ್ತು ಹೊಡೆಯುವಾಗ ಸೆಕೆಂಡಿನ ನೂರರಲ್ಲೊಂದು ಪಾಲು ತಡವಾದರೂ ದಿಕ್ಕು 18 ಡಿಗ್ರಿ ತಪ್ಪುತ್ತದೆ. ಅಂದರೆ 40 ಮೀಟರ್ ಆಚೆ ಸುಮಾರು 13 ಮೀಟರ್ ಪಕ್ಕಕ್ಕೆ. ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿ ಹಿಡಿದು, ತೋಳು ಬೀಸಿ, ಕೊನೆಗೆ ಮಣಿಕಟ್ಟು ಚಿಮ್ಮಿಸುವುದು ಇನ್ನೊಂದು ಬಗೆ. ಇದರಲ್ಲಿ ಗುರಿ ನೆಟ್ಟಗೆ. ಅಕ್ಕಪಕ್ಕ ತಮ್ಮವರೇ ಒತ್ತಾಗಿ ನಿಂತಿದ್ದರೆ ಬಳೆಯನ್ನು ಗಾಲಿಯಂತೆ ನಿಲ್ಲಿಸಿ ಎಸೆಯುತ್ತಿದ್ದರು. ಆಗ ಗಾಳಿಯ ಆಸರೆ ತಪ್ಪಿ ದೂರ ಕಡಿಮೆಯಾಗುತ್ತಿತ್ತು, ಪಕ್ಕದವನ ಕುತ್ತಿಗೆ ಮಾತ್ರ ಉಳಿಯುತ್ತಿತ್ತು.