ಕರಿ ಕೂದಲಿಗೆ ಮೊದಲ ಬಣ್ಣ: ಡಬ್ಬಿಯ ಚಿತ್ರ ಬಿಡಿ, ಒಳಗಿನ ಬಾಟಲಿ ನೋಡಿ

ನಮಸ್ಕಾರ. ಹೇರ್ ಕಲರ್ ಡಬ್ಬಿಯ ಮೇಲೆ ನಗುತ್ತಿರುವ ಹುಡುಗಿಯ ಕೂದಲನ್ನು ದಯವಿಟ್ಟು ನಂಬಬೇಡಿ. ನಿಮ್ಮ ಕೂದಲು ಹುಟ್ಟಿನಿಂದ ಕಪ್ಪು. ಆಕೆಯ ಕೂದಲು ಯಾವ ಬಣ್ಣದಿಂದ ಆ ಬಣ್ಣಕ್ಕೆ ಬಂದಿದೆಯೋ ನಮಗೆ ಗೊತ್ತಿಲ್ಲ. ವಿಜಯಪುರದ ನನ್ನ ಪಾರ್ಲರಿಗೆ ಮೊದಲ ಸಲ ಬಣ್ಣ ಹಾಕಿಸಲು ಬರುವವರು ಮೊಬೈಲಿನಲ್ಲಿ ಇಂಥದ್ದೇ ಒಂದು ಚಿತ್ರ ತೋರಿಸಿ, "ಅಕ್ಕಾ, ಇದು ಎಷ್ಟು ದಿನ ಇರುತ್ತದೆ?" ಎಂದು ಕೇಳುತ್ತಾರೆ. ಎಷ್ಟು ದಿನ ಇರುತ್ತದೆ ಎಂಬುದು ಆಮೇಲಿನ ಮಾತು. ಕರಿ ಕೂದಲಿನ ಮೇಲೆ ಅದು ಕಾಣುತ್ತದೆಯೇ ಎಂಬುದು ಮೊದಲು ಇತ್ಯರ್ಥವಾಗಬೇಕು.

ಬಣ್ಣಗಳಲ್ಲಿ ಮೂರು ಬಗೆ: ಸೆಮಿ-ಪರ್ಮನೆಂಟ್, ಡೆಮಿ-ಪರ್ಮನೆಂಟ್, ಪರ್ಮನೆಂಟ್. ಸೆಮಿ-ಪರ್ಮನೆಂಟ್‌ನಲ್ಲಿ ಡೆವಲಪರ್, ಅಂದರೆ ಬಣ್ಣದ ಜೊತೆ ಕಲಸುವ ಪೆರಾಕ್ಸೈಡ್ ಬಾಟಲಿ, ಇರುವುದಿಲ್ಲ. ಸಿದ್ಧ ಬಣ್ಣ ಕೂದಲಿನ ಹೊರಪದರಕ್ಕೆ ಅಂಟಿಕೊಂಡು, ತಲೆ ತೊಳೆದಂತೆಲ್ಲ ಬಿಟ್ಟು ಹೋಗುತ್ತದೆ. ಒಳಗಿನ ಕಪ್ಪನ್ನು ತಿಳಿ ಮಾಡುವ ಶಕ್ತಿ ಅದಕ್ಕಿಲ್ಲ. ಕರಿ ಇಳಕಲ್ ಸೀರೆಯ ಮೇಲೆ ಕುಂಕುಮದ ನೀರು ಚೆಲ್ಲಿದರೆ ಯಾರಿಗೆ ಕಾಣುತ್ತದೆ? ಬ್ಲೀಚ್ ಮಾಡಿದ ಕೂದಲಿಗೆ ನೀಲಿ, ಗುಲಾಬಿ ಹಾಕುವವರಿಗೆ ಅದು ಒಳ್ಳೆಯ ವಸ್ತು. ಬ್ಲೀಚ್ ಬೇಡ ಎನ್ನುವ ಕರಿ ಕೂದಲಿನವರಿಗೆ ಅದು ದುಡ್ಡು ದಂಡ.

ಪರ್ಮನೆಂಟ್‌ನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಅಮೋನಿಯಾ ಅಥವಾ ಅದರ ಬದಲಿಗೆ ಹಾಕಿದ ರಾಸಾಯನಿಕ ಕೂದಲಿನ ಪದರವನ್ನು ಸಡಿಲಿಸುತ್ತದೆ. ಡೆವಲಪರಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ನಿಮ್ಮ ಸ್ವಂತ ಕಪ್ಪನ್ನು ಸ್ವಲ್ಪ ತಿಳಿ ಮಾಡುತ್ತಲೇ ಹೊಸ ಬಣ್ಣವನ್ನು ಒಳಗೆ ಕಟ್ಟುತ್ತದೆ. ಡೆಮಿ-ಪರ್ಮನೆಂಟ್‌ನಲ್ಲಿಯೂ ಡೆವಲಪರ್ ಇದೆ, ಆದರೆ ಸೌಮ್ಯವಾದದ್ದು. ಬಣ್ಣ ಕಟ್ಟುವುದಕ್ಕೆ ಸಾಕು, ಕಪ್ಪನ್ನು ಕಣ್ಣಿಗೆ ಕಾಣುವಷ್ಟು ತೆಗೆಯುವುದಕ್ಕೆ ಸಾಲದು.

ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದದ್ದು ಡೆವಲಪರ್ ಬಾಟಲಿಯನ್ನು. ಬಾಟಲಿಯೇ ಇಲ್ಲದೆ ಟ್ಯೂಬ್ ಒಂದೇ ಇದ್ದರೆ ಸಾಮಾನ್ಯವಾಗಿ ಅದು ಸೆಮಿ. ಬಾಟಲಿಯ ಮೇಲೆ ಪೆರಾಕ್ಸೈಡ್ ಶೇಕಡಾ 6, ಅಂದರೆ 20 ವಾಲ್ಯೂಮ್ ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಅದನ್ನು ಪರ್ಮನೆಂಟ್ ಎಂದೇ ಲೆಕ್ಕ ಹಿಡಿಯಿರಿ. ಡೆಮಿಯಲ್ಲಿ ಅದು ಸಾಮಾನ್ಯವಾಗಿ ಶೇಕಡಾ 3ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. 'ಅಮೋನಿಯಾ ಇಲ್ಲ' ಎಂದು ದೊಡ್ಡದಾಗಿ ಬರೆದದ್ದನ್ನು ನೋಡಿ ಡೆಮಿ ಎಂದುಕೊಂಡು ಮನೆಗೆ ಒಯ್ಯುವವರು ಬಹಳ. ಅಮೋನಿಯಾ ಇಲ್ಲದೆಯೂ ಅಪ್ಪಟ ಪರ್ಮನೆಂಟ್ ಬಣ್ಣಗಳಿವೆ. ವಾಸನೆ ಕಡಿಮೆ, ಅಷ್ಟೇ.

ಈಚೆಗೆ ಬಂದ ಒಬ್ಬ ಡಿಗ್ರಿ ಹುಡುಗಿಯ ವಿಷಯ ಹೇಳುತ್ತೇನೆ. ಸೊಂಟ ಮುಟ್ಟುವ ಕೂದಲು, ಬಣ್ಣವನ್ನಾಗಲಿ ಮೆಹಂದಿಯನ್ನಾಗಲಿ ಕಂಡಿರದ ಕಪ್ಪು. ಬಾಗಲಕೋಟೆಯಲ್ಲಿ ಅಣ್ಣನ ಮದುವೆ. ಕಾಫಿ ಕಂದು ಬೇಕು, ಮನೆಯಲ್ಲಿ ಬೈದರೆ ತೊಳೆದು ಹೋಗಬೇಕು, ಆದ್ದರಿಂದ ಸೆಮಿ ಸಾಕು ಎಂದಳು. ವಾದ ಮಾಡುವ ಬದಲು ಅವಳ ಬಾಚಣಿಕೆಗೆ ಬಂದ ಉದುರು ಕೂದಲನ್ನೇ ಮೂರು ಎಳೆಗುಚ್ಛ ಮಾಡಿ ದಾರದಿಂದ ಕಟ್ಟಿದೆ. ಒಂದಕ್ಕೆ ಸೆಮಿ, ಒಂದಕ್ಕೆ ಡೆಮಿ, ಇನ್ನೊಂದಕ್ಕೆ 4ನೇ ನಂಬರಿನ ಪರ್ಮನೆಂಟ್ ಕಂದನ್ನು 20 ವಾಲ್ಯೂಮ್ ಡೆವಲಪರಿನಲ್ಲಿ ಕಲಸಿ ಹಚ್ಚಿದೆ. ಚೀಟಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು ತೊಳೆದು, ಪೂರ್ತಿ ಒಣಗಿಸಿದೆ. ಹಸಿ ಕೂದಲು ಯಾವಾಗಲೂ ಹೆಚ್ಚು ಕಪ್ಪಾಗಿ ಕಂಡು ಮೋಸ ಮಾಡುತ್ತದೆ.

ಟ್ಯೂಬ್‌ಲೈಟಿನಲ್ಲಿ ಸೆಮಿಯ ಗುಚ್ಛಕ್ಕೂ ಅವಳ ಜಡೆಗೂ ವ್ಯತ್ಯಾಸವೇ ಇರಲಿಲ್ಲ. "ಅಕ್ಕಾ, ಇದಕ್ಕೆ ಬಣ್ಣ ಹತ್ತಿಯೇ ಇಲ್ಲ" ಎಂದಳು. ಡೆಮಿಯ ಗುಚ್ಛ ಒಳಗೆ ಕಪ್ಪಾಗಿಯೇ ಇದ್ದು, ಬಾಗಿಲ ಬಿಸಿಲಿಗೆ ಹಿಡಿದಾಗ ಕೆಂಗಂದು ಮಿಂಚಿತು. ಪರ್ಮನೆಂಟ್ ಗುಚ್ಛ ಮಾತ್ರ ಒಳಗೂ ಹೊರಗೂ ಕಂದಾಗಿ ಕಂಡಿತು. ಆದರೂ ಅವಳ ಮೊಬೈಲಿನ ಚಿತ್ರದಷ್ಟು ತಿಳಿಯಲ್ಲ. ನಮ್ಮ ಕೂದಲು ಸಾಮಾನ್ಯವಾಗಿ 1 ಅಥವಾ 2ನೇ ನಂಬರಿನದು. ನಂಬರು ಏರಿದಂತೆ ಬಣ್ಣ ತಿಳಿಯಾಗುತ್ತದೆ. 20 ವಾಲ್ಯೂಮಿನಲ್ಲಿ ಒಂದೆರಡು ಮೆಟ್ಟಿಲು ಏರಿದರೆ ಹೆಚ್ಚು. 6ನೇ ನಂಬರಿನ ಡಬ್ಬಿ ತಂದು ಹಚ್ಚಿದರೂ ಅದು 6 ಆಗುವುದಿಲ್ಲ.

ಅವಳಿಗೆ ನಾನು ಹೇಳಿದ್ದು ಡೆಮಿ. ಮೊದಲ ಸಲದ ಕರಿ ಕೂದಲಿನವರಿಗೆ ನನ್ನ ಮತ ಯಾವಾಗಲೂ ಅದಕ್ಕೇ. ಕಾರಣ ಬಣ್ಣ ಹಾಕಿದ ದಿನದಲ್ಲಿಲ್ಲ, ಎರಡು ತಿಂಗಳ ನಂತರದ ಕನ್ನಡಿಯಲ್ಲಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಪರ್ಮನೆಂಟ್ ಹಾಕಿದವರ ಬೈತಲೆಯಲ್ಲಿ ಅಷ್ಟು ಅಗಲದ ಕರಿ ಪಟ್ಟಿ ಎದ್ದು ಕಾಣುತ್ತದೆ. ಅದರ ಜೊತೆಗೆ, ಕಪ್ಪನ್ನು ತಿಳಿ ಮಾಡಿದಾಗ ಅಡಿಯಿಂದ ಹೊರಬರುವುದು ಕೆಂಪು, ಕಿತ್ತಳೆ. ಮೇಲಿನ ಕಂದು ತೊಳೆದು ಹೋದಂತೆ, ನಮ್ಮ ಬಿಸಿಲಿಗೆ ಬಾಡಿದಂತೆ, ಆ ತಾಮ್ರದ ಛಾಯೆ ಮೇಲೇಳುತ್ತದೆ. ಬಣ್ಣ ಹೋದರೂ ಹಳೆಯ ಕಪ್ಪು ಮರಳಿ ಬರುವುದಿಲ್ಲ. ಮತ್ತೆ ಕಪ್ಪು ಹಚ್ಚಬೇಕು, ಇಲ್ಲವೇ ಕತ್ತರಿಸಬೇಕು. ಡೆಮಿಯಲ್ಲಿ ಅಡಿಯ ಕಪ್ಪು ಹೆಚ್ಚುಕಡಿಮೆ ಹಾಗೆಯೇ ಉಳಿದಿರುವುದರಿಂದ ಪಟ್ಟಿ ಕಾಣುವುದಿಲ್ಲ, ಬಣ್ಣ ಮೆಲ್ಲಗೆ ಮಾಸುತ್ತದೆ. ಇಪ್ಪತ್ತರಿಂದ ಇಪ್ಪತ್ತೆಂಟು ತೊಳೆತ ಎನ್ನುವುದು ರೂಢಿಯ ಲೆಕ್ಕ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ನೊರೆ ಬರಲಿಲ್ಲವೆಂದು ಎರಡೆರಡು ಸಲ ಶಾಂಪೂ ಹಾಕಿ ಉಜ್ಜುವವರು ಇನ್ನೂ ಕಡಿಮೆ ಹಿಡಿಯಿರಿ.

ಟ್ಯೂಬ್‌ಲೈಟಿನಲ್ಲೂ ಕಂದು ಕಾಣಲೇಬೇಕು ಎನ್ನುವವರಿಗೆ ಡೆಮಿ ನಿರಾಸೆಯೇ. ಅಂಥವರು ಪರ್ಮನೆಂಟ್ ಹಾಕಿಸಿಕೊಳ್ಳಲಿ, ಆದರೆ 20 ವಾಲ್ಯೂಮ್ ದಾಟದೆ. ಹಿಂದೆ ಬಣ್ಣವನ್ನೇ ಕಂಡಿರದ ಕೂದಲಿಗೆ ಮೊದಲು ಉದ್ದಕ್ಕೆ ಹಚ್ಚಿ, ಬುಡದ ಎರಡು ಸೆಂಟಿಮೀಟರಿಗೆ ಕೊನೆಯಲ್ಲಿ ಹಚ್ಚಬೇಕು. ನೆತ್ತಿಯ ಕಾವಿಗೆ ಬುಡದ ಕೂದಲು ಬೇಗ ತಿಳಿಯಾಗುತ್ತದೆ. ಮನೆಯಲ್ಲಿ ಹಚ್ಚಿಕೊಳ್ಳುವವರು ಬೈತಲೆಯಿಂದಲೇ ಶುರು ಮಾಡುತ್ತಾರೆ. ಕೊನೆಗೆ ಬುಡ ಕಿತ್ತಳೆ, ತುದಿ ಕಪ್ಪು. ಹೀಗಾದ ತಲೆಯನ್ನು ಸರಿಪಡಿಸುವುದಕ್ಕೆ ಹೊಸದಾಗಿ ಬಣ್ಣ ಹಾಕುವುದಕ್ಕಿಂತ ಹೆಚ್ಚು ಖರ್ಚು.

ಡೆಮಿ ಸೌಮ್ಯ ಎಂದರೆ ಅಲರ್ಜಿ ಆಗುವುದಿಲ್ಲ ಎಂದರ್ಥವಲ್ಲ. ಪರ್ಮನೆಂಟ್‌ನಲ್ಲಿರುವ ಪಿಪಿಡಿ ಎಂಬ ರಾಸಾಯನಿಕವಾಗಲಿ ಅದರ ಬಂಧುಗಳಾಗಲಿ ಡೆಮಿಯಲ್ಲಿಯೂ ಇರುತ್ತವೆ. ಸಂತೆಯಲ್ಲಿ ಸಿಗುವ ಕಪ್ಪು ಮೆಹಂದಿ ಪುಡಿಗಳಲ್ಲಿಯೂ ಇರಬಹುದು. ಮೊದಲು ಅಂಥ ಪುಡಿ ಹಚ್ಚಿ ತುರಿಕೆ, ಬಾವು ಬಂದಿದ್ದರೆ ನನ್ನಲ್ಲಿ ಡೆಮಿಯೂ ಇಲ್ಲ, ಪರ್ಮನೆಂಟೂ ಇಲ್ಲ. ಚರ್ಮದ ವೈದ್ಯರಿಗೆ ತೋರಿಸಿ ಎನ್ನುತ್ತೇನೆ. ಉಳಿದವರಿಗೆ ಎರಡು ದಿನ, ಅಂದರೆ 48 ಗಂಟೆ ಮುಂಚೆ ಚೀಟಿಯಲ್ಲಿ ಹೇಳಿದಂತೆ ಮೊಣಕೈಯ ಒಳಮಡಿಕೆಗೋ ಕಿವಿಯ ಹಿಂದಕ್ಕೋ ಸ್ವಲ್ಪ ಹಚ್ಚಿ ನೋಡುತ್ತೇನೆ. ಆ ಹುಡುಗಿ ಅದಕ್ಕಾಗಿಯೇ ಇನ್ನೊಮ್ಮೆ ಬಸ್ಸಿಗೆ ದುಡ್ಡು ಹಾಕಬೇಕಾಯಿತು ಎಂದು ಗೊಣಗಿದಳು. ಗೊಣಗಲಿ.

ನೀವು ಎಲ್ಲಿಗೇ ಹೋಗಿ, ಬೆಳಗಾವಿಯಾಗಲಿ ಬಾಗಲಕೋಟೆಯಾಗಲಿ, ಕುರ್ಚಿಯಲ್ಲಿ ಕೂರುವ ಮೊದಲು "ಡೆವಲಪರ್ ಎಷ್ಟು ವಾಲ್ಯೂಮಿನದು?" ಎಂದು ಕೇಳಿ, ಬಾಟಲಿಯನ್ನೂ ನೋಡಿ. ಡೆಮಿ ಎಂದು ಹೇಳಿ 30ರ ಬಾಟಲಿ ತೆಗೆದರೆ ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟು ಎದ್ದು ಬನ್ನಿ.