ಸ್ಟಾರ್ ಬಿಡಿ, ಕಾಲು ಹೇಳಿ

ನಮಸ್ಕಾರ. ಬದಿಯಡ್ಕದಿಂದ ಮಾತಾಡುತ್ತಿದ್ದೇನೆ. ಇವತ್ತು ಬೇರೆ ವಿಷಯ ಇತ್ತು. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಹಾಕಿದ ಕಾಮೆಂಟ್ ನೋಡಿ ಅದನ್ನು ಪಕ್ಕಕ್ಕಿಟ್ಟೆ. ಅವರು ಬರೆದದ್ದು ಇಷ್ಟು: "ಶೂಗೆ 4.3 ಸ್ಟಾರ್ ಇದೆ, ಸಾವಿರಾರು ಜನ ಕೊಟ್ಟಿದ್ದಾರೆ. ಅಷ್ಟು ಸಾಲದಾ? ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?"

ಸಾಲದು. ಆ ಸಾವಿರಾರು ಜನರ ಕಾಲು ಹೇಗಿದೆ ಎಂದು ನಿಮಗೆ ಗೊತ್ತಾ? ಗೊತ್ತಿಲ್ಲ ಅಲ್ವಾ? ಹಾಗಾದರೆ ಆ 4.3 ನಿಮ್ಮ ಕಾಲಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಇನ್ನೊಬ್ಬರ ಕನ್ನಡಕಕ್ಕೆ ಎಷ್ಟು ಸ್ಟಾರ್ ಇದೆ ಎಂದು ನೋಡಿ ಅದನ್ನು ನೀವು ಹಾಕಿಕೊಳ್ಳುತ್ತೀರಾ?

ನಮ್ಮ ಕಡೆಯವರ ಕಾಲು ನೋಡಿ. ತೋಟದಲ್ಲಿ ಬರಿಗಾಲು, ಮನೆಯೊಳಗೆ ಬರಿಗಾಲು, ಹೊರಗೆ ಹೋದರೆ ಚಪ್ಪಲಿ. ಬೆರಳುಗಳು ಹರಡಿಕೊಂಡೇ ಬೆಳೆಯುತ್ತವೆ. ಇದು ನನ್ನ ಊಹೆಯಲ್ಲ. ಬೆಲ್ಜಿಯಂನ ಸಂಶೋಧಕರು ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆಯುವವರ ಪಾದ, ಚಪ್ಪಲಿ-ಶೂ ಹಾಕುವ ಭಾರತೀಯರ ಪಾದ ಮತ್ತು ತಮ್ಮ ದೇಶದವರ ಪಾದ ಮೂರನ್ನೂ ಹೋಲಿಸಿ 2009ರಲ್ಲಿ ಪ್ರಕಟಿಸಿದ್ದಾರೆ. ಬರಿಗಾಲಿನವರ ಪಾದವೇ ಹೆಚ್ಚು ಅಗಲ ಎಂದು ಕಂಡುಬಂತು. ಆದರೆ ಅಂಗಡಿಯಲ್ಲಿ ಸಿಗುವ ಶೂಗಳಲ್ಲಿ ಹೆಚ್ಚಿನವು ಒಂದೇ ಅಗಲದಲ್ಲಿ ಬರುತ್ತವೆ. ಗಂಡಸರ ಶೂ ಆದರೆ ಅದನ್ನು D ಎನ್ನುತ್ತಾರೆ. ಅದಕ್ಕಿಂತ ಅಗಲದ್ದು 2E, ಇನ್ನೂ ಅಗಲದ್ದು 4E. ನಮ್ಮ ಪೇಟೆಯ ಅಂಗಡಿಯಲ್ಲಿ 2E ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾರೆ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಮಾಷ್ಟ್ರಿಗೆ ದಿನವಿಡೀ ನಿಂತು ಪಾಠ ಮಾಡಲು ಒಂದು ಶೂ ಬೇಕಿತ್ತು. ಮೊದಲು ಕಾಲು ಅಳೆಯೋಣ ಮಾಷ್ಟ್ರೇ ಎಂದೆ. ಸಂಜೆ ಹೊತ್ತು ಅಳೆಯಬೇಕು, ನಿಂತು ನಿಂತು ಕಾಲು ಸ್ವಲ್ಪ ಊದಿರುತ್ತದೆ. ನೆಲದ ಮೇಲೆ ಕಾಗದ ಇಟ್ಟು, ಅದರ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ 25.5 ಸೆಂಟಿಮೀಟರ್ ಬಂತು. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳೇ ಉದ್ದ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಬೆರಳುಗಳ ಬುಡದ ಗಂಟಿನ ಹತ್ತಿರ ಅಗಲ 10.5. ಉದ್ದದ ಹತ್ತರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಅಗಲ. ಅಗಲ ಪಾದವೇ.

ಆಮೇಲೆ ಅವರು ನೋಡಿಟ್ಟಿದ್ದ ಶೂವಿನ ರಿವ್ಯೂ ತೆರೆದೆವು. ಮೇಲೆ ಸಾಲಾಗಿ ಐದು ಸ್ಟಾರ್‌ಗಳು. "ಸೂಪರ್ ಕ್ವಾಲಿಟಿ, ಸ್ಟೈಲಿಶ್, ದುಡ್ಡಿಗೆ ತಕ್ಕ ಮಾಲು." ಒಬ್ಬರು ಶೂವಿನ ಪೂರ್ತಿ ಹೆಸರು, ಅಡಿಭಾಗದ ಫೋಮಿನ ಹೆಸರು, ಮೇಲಿನ ಬಟ್ಟೆಯ ಹೆಸರು ಎಲ್ಲ ಬರೆದಿದ್ದರು. ಕಂಪನಿಯ ಪುಟದಲ್ಲಿ ಏನಿದೆಯೋ ಅದೇ. ಫೋಟೋದಲ್ಲಿ ಶೂ ಡಬ್ಬಿಯ ಮೇಲೆ ಕೂತಿದೆ, ಅಡಿಯಲ್ಲಿ ಒಂದು ಕಣ ಮಣ್ಣಿಲ್ಲ. ಎಷ್ಟು ದಿನ ಹಾಕಿದರು? ಇಲ್ಲ. ಯಾವ ಸೈಜು? ಇಲ್ಲ. ಕಾಲು ಅಗಲವಾ, ಸಪೂರವಾ? ಅದೂ ಇಲ್ಲ.

ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಯ ಗುರುತು ಇದೇ. ಅದರಲ್ಲಿ ಶೂ ಇರುತ್ತದೆ, ಕಾಲು ಇರುವುದಿಲ್ಲ. ಹಾಕಿ ನಡೆದೇ ಇಲ್ಲದವರು ಕಾಲಿನ ಬಗ್ಗೆ ಏನು ಬರೆದಾರು? ಅವಸರದಲ್ಲಿ ಬರೆದ ಪ್ರಾಮಾಣಿಕರೂ ಇರಬಹುದು. ಇರಲಿ. ಅವರ ಮಾತೂ ನಮಗೆ ಉಪಯೋಗವಿಲ್ಲ ಅಲ್ವಾ?

"ವೆರಿಫೈಡ್ ಪರ್ಚೇಸ್ ಅಂತ ಇತ್ತಲ್ಲ" ಎನ್ನುತ್ತೀರಿ. ಅದು ಕೊಂಡದ್ದನ್ನು ಹೇಳುತ್ತದೆ, ಅಷ್ಟೇ. ಕೊಂಡವರಿಗೆ ಐದು ಸ್ಟಾರ್ ಹಾಕಿಸಿ ಹಿಂಬಾಗಿಲಿನಿಂದ ದುಡ್ಡು ವಾಪಸ್ ಕೊಡುವ ಮಾರಾಟಗಾರರಿದ್ದಾರೆ. ನಮ್ಮಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ 2022ರಲ್ಲಿ IS 19000 ಎಂಬ ಮಾನದಂಡ ಬಂತು. ಒಳ್ಳೆಯದೇ. ಆದರೆ ಅದನ್ನು ತಂದಾಗ ಪಾಲಿಸುವುದು ಕಡ್ಡಾಯ ಎಂದಿರಲಿಲ್ಲ. ವಿಡಿಯೋ ಮಾಡುವವರು ದುಡ್ಡು ಅಥವಾ ಉಚಿತ ಶೂ ಪಡೆದಿದ್ದರೆ ಕಾಣುವ ಹಾಗೆ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಹೇಳಿದೆ. ವಿವರಣೆಯ ಕೊನೆಯಲ್ಲಿ ಹ್ಯಾಶ್‌ಟ್ಯಾಗ್‌ಗಳ ರಾಶಿಯೊಳಗೆ ಅದನ್ನು ಅಡಗಿಸಿಟ್ಟವರನ್ನು ನಾನು ನಂಬುವುದಿಲ್ಲ. ಅಂದಹಾಗೆ, ನಮ್ಮ ಚಾನೆಲಿನಲ್ಲಿ ಕಮಿಷನ್ ಲಿಂಕ್ ಇಲ್ಲ, ಉಚಿತ ಶೂ ತೆಗೆದುಕೊಳ್ಳುವುದೂ ಇಲ್ಲ. ಹಾಗಾಗಿ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಮನೆಯವರಿಗೂ ಕಳಿಸಿ.

ಮತ್ತೆ ಮಾಷ್ಟ್ರ ಶೂಗೆ ಬರುತ್ತೇನೆ. ರಿವ್ಯೂ ಹುಡುಕುವ ಜಾಗದಲ್ಲಿ wide ಎಂದು ಹಾಕಿದೆವು, ಆಮೇಲೆ broad, narrow, toe. ಮುಂದೆ ಬಿಗಿ ಎನ್ನಲು ಹಿಂದಿಯವರು ಇಂಗ್ಲಿಷ್ ಅಕ್ಷರದಲ್ಲಿ aage se tight ಎಂದು ಬರೆಯುತ್ತಾರೆ, ಪಾದದ ಮುಂಭಾಗಕ್ಕೆ panja ಎಂದೂ ಬರೆಯುತ್ತಾರೆ. ಅದನ್ನೂ ಹಾಕಿದೆವು. ಆಗ ಹೊರಬಿತ್ತು ನೋಡಿ! ಮೂರು ಸ್ಟಾರ್ ಕೊಟ್ಟ ಒಬ್ಬರು: ಎರಡು ತಿಂಗಳು ಹಾಕಿದೆ, ಅಗಲ ಪಾದ, ಮಧ್ಯಾಹ್ನದ ಹೊತ್ತಿಗೆ ಕಿರುಬೆರಳು ಉರಿಯುತ್ತದೆ. ಜೊತೆಗೆ ಫೋಟೋ. ಕಿರುಬೆರಳಿನ ಕಡೆ ಬಟ್ಟೆ ಹರಿದಿದೆ, ಪಾದ ಅಡಿಯ ಅಂಚನ್ನು ದಾಟಿ ಹೊರಗೆ ಉಬ್ಬಿದೆ. ಇಂಥ ಫೋಟೋ ಸಿಕ್ಕರೆ ಬಿಡಬೇಡಿ. ಹಳೆಯ ಶೂ ಅದನ್ನು ಹಾಕಿದವರ ಕಾಲಿನ ಆಕಾರವನ್ನು ತೋರಿಸಿಬಿಡುತ್ತದೆ. ಆ ಹರಿದ ಜಾಗವನ್ನು ನೋಡಿ ಮಾಷ್ಟ್ರು ತಮ್ಮ ಹಳೆಯ ಶೂ ತಂದು ಪಕ್ಕದಲ್ಲಿಟ್ಟರು. ಅದೇ ಜಾಗ, ಅದೇ ತೂತು. 4.3 ಸ್ಟಾರಿಗಿಂತ ಆ ಒಬ್ಬರ ಮಾತು ದೊಡ್ಡದು.

"ಒಂದು ಸೈಜು ದೊಡ್ಡದು ತಗೊಳ್ಳಿ, ಸರಿಯಾಗುತ್ತದೆ" ಎಂದು ಅಲ್ಲೇ ಹತ್ತು ಜನ ಬರೆದಿರುತ್ತಾರೆ. ಸರಿಯಾಗುವುದಿಲ್ಲ! ಯುಕೆ ಅಳತೆಯಲ್ಲಿ ಒಂದು ಸೈಜು ಏರಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಜಾಸ್ತಿ ಆಗುತ್ತದೆ. ಅಗಲ ಏರುವುದು ಎರಡು ಮಿಲಿಮೀಟರ್ ಆಸುಪಾಸು ಮಾತ್ರ. ನಡೆಯುವಾಗ ಶೂ ಬಗ್ಗುವ ಜಾಗ ನಿಮ್ಮ ಬೆರಳ ಗಂಟಿಗಿಂತ ಮುಂದೆ ಹೋಗುತ್ತದೆ. ಹಿಂದೆ ಹಿಮ್ಮಡಿ ಜಾರುತ್ತದೆ. ಕಿರುಬೆರಳಿನ ನೋವು ಪೂರ್ತಿ ಹೋಗಿರುವುದಿಲ್ಲ, ಹಿಮ್ಮಡಿಯಲ್ಲಿ ಹೊಸ ಗುಳ್ಳೆ ಬಂದಿರುತ್ತದೆ. ಸೈಜು ಏರಿಸಿ ಎಂದವರು ತಮ್ಮ ಕಾಲು ಉದ್ದವಾ ಅಗಲವಾ ಎಂದು ಹೇಳಿದ್ದಾರಾ? ಹೇಳಿಲ್ಲ. ಮತ್ತೆ ಅದೇ ಕಥೆ.

ರಿಟರ್ನ್ ಇದೆಯಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಮನೆಯ ಟೈಲ್ಸ್ ಮೇಲೆ ಐದು ನಿಮಿಷ ನಡೆದರೆ ಸಂಜೆ ನಾಲ್ಕು ಗಂಟೆಯ ನೋವು ಗೊತ್ತಾಗುತ್ತದಾ? ಒಂದು ದಿನ ಪೂರ್ತಿ ಹೊರಗೆ ಹಾಕಿದ ಶೂ ವಾಪಸ್ ತೆಗೆದುಕೊಳ್ಳಿ ಎಂದು ಹೇಗೆ ಕೇಳುತ್ತೀರಿ? ಅದಕ್ಕೇ ಮೊದಲೇ ಹುಡುಕಿ ಎನ್ನುವುದು. ನಿಮ್ಮಂಥ ಕಾಲಿನವರನ್ನು ಹುಡುಕಿ. ಒಬ್ಬರಾದರೂ ಸಿಗುತ್ತಾರೆ. ಸಿಗದಿದ್ದರೆ ಆ ಶೂ ಬಿಡಿ, ಬೇರೆ ನೋಡಿ.

ಮಾಷ್ಟ್ರು ಕೊನೆಗೆ 2E ಎಂದು ಬರೆದಿದ್ದ ಬೇರೆ ಶೂ ತರಿಸಿದರು. ಅದಕ್ಕೆ ಸ್ಟಾರ್ ಕಡಿಮೆ, 3.9. ಅಗಲ ಪಾದದವರು ಮೂವರು ಚೆನ್ನಾಗಿದೆ ಎಂದಿದ್ದರು, ತಿಂಗಳುಗಟ್ಟಲೆ ಹಾಕಿದವರು. ಒಂದು ಸ್ಟಾರ್ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನರ ದೂರು ಡಬ್ಬಿ ಜಜ್ಜಿತ್ತು, ತಡವಾಗಿ ಬಂತು ಎಂದು. ಡಬ್ಬಿಯನ್ನು ಕಾಲಿಗೆ ಹಾಕುತ್ತೇವಾ?

ಈಗ ನನ್ನ ಕೆಲಸ ನಿಮಗೆ. ನೀವು ಕೊಂಡ ಶೂಗೆ ರಿವ್ಯೂ ಬರೆಯುವಾಗ ಪಾದದ ಉದ್ದ, ಅಗಲ, ಕೊಂಡ ಸೈಜು, ಎಷ್ಟು ದಿನ ಹಾಕಿದಿರಿ, ಇಷ್ಟು ಹಾಕಿ. ಈ ವಿಡಿಯೋ ಕೆಳಗೂ ಹಾಕಿ. ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಕಡೆಯವರು ಊರಿನ ಹೆಸರನ್ನೂ ಬರೆಯಿರಿ, ಎಲ್ಲ ಸೇರಿಸಿ ಪಟ್ಟಿ ಮಾಡಿ ಪಿನ್ ಮಾಡುತ್ತೇನೆ. ಮುಂದಿನ ವಾರ ಮಳೆಗಾಲದ ಚಪ್ಪಲಿ. ಅದಕ್ಕೂ ಕಾಲು ಅಳೆದಿಟ್ಟುಕೊಂಡೇ ಬನ್ನಿ.