ಇಪ್ಪತ್ತಮೂರು ಮಕ್ಕಳು, ಒಂದು ಕ್ಯಾಲೆಂಡರ್

ಕೇಳುಗರಿಗೆ ನಮಸ್ಕಾರ.

ನಾನು ಚಿಂತಾಮಣಿ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಒಂದು ದಿನ ನಮ್ಮ ಡ್ರಾಯಿಂಗ್ ಮೇಷ್ಟ್ರ ಜೊತೆ ಪಂದ್ಯ ಕಟ್ಟಿದೆ. "ಒಂಬತ್ತನೇ ಕ್ಲಾಸಿಗೆ ಇವತ್ತು 23 ಮಕ್ಕಳು ಬಂದಿದ್ದಾರೆ. ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುತ್ತೆ. ಸೋತವರು ಮಸಾಲೆ ದೋಸೆ ಕೊಡಿಸಬೇಕು" ಅಂದೆ. ಇಸವಿ ಬೇಡ, ತಾರೀಖು, ತಿಂಗಳು ಕೂಡಿಬಂದರೆ ಸಾಕು. ಅವರು ನಕ್ಕುಬಿಟ್ಟರು. "ವರ್ಷಕ್ಕೆ 365 ದಿನ ಸಾರ್, ಇರೋದು 23 ಮಕ್ಕಳು. ನಿಮ್ಮ ದುಡ್ಡು ಹೋಯ್ತು ಅಂದ್ಕೊಳ್ಳಿ" ಅಂದರು.

ಇಬ್ಬರೂ ಕ್ಲಾಸಿಗೆ ಹೋದೆವು. ಗೋಡೆಯ ಮೇಲೆ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿದ್ದೆ. ಒಬ್ಬೊಬ್ಬರೇ ಬಂದು ತಮ್ಮ ಹುಟ್ಟಿದ ದಿನದ ಮನೆಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು.

ಮೊದಲ ಹುಡುಗ ಬಂದ. ಎಲ್ಲ ಮನೆಗಳೂ ಖಾಲಿ, ಡಿಕ್ಕಿ ಹೊಡೆಯುವ ಮಾತೇ ಇಲ್ಲ. ಎರಡನೆಯವಳಿಗೆ ಒಂದೇ ಒಂದು ಮನೆ ತುಂಬಿದೆ, 364 ಖಾಲಿ ಇವೆ. ಮೂರನೆಯವನಿಗೆ 363 ಖಾಲಿ. ಹತ್ತನೆಯ ಮಗು ಬರುವ ಹೊತ್ತಿಗೆ ಒಂಬತ್ತು ಗುರುತು ಬಿದ್ದಿರುತ್ತವೆ. ಅದು ತುಂಬಿದ ಮನೆಗೇ ಬರುವ ಸಂಭವ ನೂರಕ್ಕೆ ಎರಡೂವರೆ ಅಷ್ಟೇ. ಇಪ್ಪತ್ತಮೂರನೆಯ ಮಗುವಿಗೂ ನೂರಕ್ಕೆ ಆರು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ, ಅಲ್ವಾ? ಆದರೆ ಎಲ್ಲರೂ ತಪ್ಪಿಸಿಕೊಳ್ಳಬೇಕು. ಒಬ್ಬರು ಸಿಕ್ಕಿಬಿದ್ದರೂ ನಾನು ಗೆದ್ದ ಹಾಗೆ.

ಈಗ ಇಂಥದೇ ನೂರು ಕ್ಲಾಸುಗಳಿವೆ ಅಂದುಕೊಳ್ಳಿ. ಪ್ರತಿ ಕ್ಲಾಸಿನಲ್ಲೂ ಹತ್ತು ಮಕ್ಕಳು ಗುರುತು ಹಾಕಿ ಕೂತ ಮೇಲೆ ಸುಮಾರು 88 ಕ್ಲಾಸುಗಳಲ್ಲಿ ಇನ್ನೂ ಡಿಕ್ಕಿ ಆಗಿರುವುದಿಲ್ಲ. ಹದಿನೈದು ಮಕ್ಕಳಾದಾಗ 75 ಕ್ಲಾಸು ಉಳಿಯುತ್ತವೆ. ಇಪ್ಪತ್ತಾದಾಗ 59. ಇಪ್ಪತ್ತಮೂರಕ್ಕೆ 49. ಅಂದರೆ ಅರ್ಧಕ್ಕಿಂತ ಜಾಸ್ತಿ ಕ್ಲಾಸುಗಳಲ್ಲಿ ಜೋಡಿ ಸಿಕ್ಕಾಯಿತು. ಲೆಕ್ಕ ಮಾಡುವ ದಾರಿ ಸುಲಭ. 365ರಲ್ಲಿ 364 ಭಾಗ, ಅದರಲ್ಲಿ 365ಕ್ಕೆ 363 ಭಾಗ, ಹೀಗೆ 343ರ ತನಕ ಗುಣಿಸುತ್ತಾ ಹೋಗಬೇಕು. ಕ್ಯಾಲ್ಕುಲೇಟರ್ ಇದ್ದರೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಆಗುತ್ತದೆ.

ಡ್ರಾಯಿಂಗ್ ಮೇಷ್ಟ್ರು ಎಡವಿದ್ದು ಎಲ್ಲಿ? ಅವರು ಮನಸ್ಸಿನಲ್ಲೇ ತಮ್ಮನ್ನು ಆ ಕ್ಲಾಸಿನೊಳಗೆ ಕೂರಿಸಿಕೊಂಡು, ನನ್ನ ಹುಟ್ಟುಹಬ್ಬ ಯಾರಿಗಿದೆ ಅಂತ ಹುಡುಕಿದರು. ನಾವೆಲ್ಲ ಮಾಡುವುದು ಅದನ್ನೇ. 23 ಜನರಲ್ಲಿ ನೀವೂ ಒಬ್ಬರಾದರೆ, ನಿಮ್ಮ ದಿನವೇ ಇನ್ನೊಬ್ಬರಿಗೆ ಇರುವ ಸಂಭವ ನೂರಕ್ಕೆ ಆರು ಮಾತ್ರ. ಆ ಪ್ರಶ್ನೆಗೆ ಅವರ ನಗು ಸರಿಯೇ. ಆದರೆ ಪಂದ್ಯ ಇದ್ದದ್ದು ಯಾರಾದರೂ ಇಬ್ಬರ ಮೇಲೆ. 23 ಮಕ್ಕಳೂ ಒಬ್ಬರಿಗೊಬ್ಬರು ಕೈ ಕುಲುಕಿದರೆ ಎಷ್ಟು ಸಲ ಕುಲುಕಬೇಕು? ಮೊದಲನೆಯವನು 22 ಜನರ ಜೊತೆ, ಎರಡನೆಯವಳು ಉಳಿದ 21 ಜನರ ಜೊತೆ... ಕೂಡಿಸಿದರೆ 253. ಅಷ್ಟೂ ಜೋಡಿಗಳಿಗೆ ಒಂದೊಂದು ಅವಕಾಶ. ಮಕ್ಕಳ ಸಂಖ್ಯೆ ಎರಡರಷ್ಟಾದರೆ ಜೋಡಿಗಳು ಹತ್ತಿರ ಹತ್ತಿರ ನಾಲ್ಕರಷ್ಟಾಗುತ್ತವೆ. ನಮ್ಮ ಕಣ್ಣಿಗೆ ಮಾತ್ರ ಮಕ್ಕಳು ಕಾಣುತ್ತಾರೆ, ಜೋಡಿಗಳು ಕಾಣುವುದಿಲ್ಲ.

ಅವತ್ತು ಏನಾಯಿತು ಅಂತೀರಾ? ನಾನು ಸೋತೆ! 23 ಗುರುತು, 23 ಬೇರೆ ಬೇರೆ ಮನೆ. ಎರಡು ಮಕ್ಕಳ ಗುರುತು ಅಕ್ಕಪಕ್ಕ ಬಿದ್ದಿತ್ತು, ಆಗಸ್ಟ್ 11 ಮತ್ತು 12. ಅಯ್ಯೋ ಅನ್ನಿಸಿತು. ದೋಸೆ ಕೊಡಿಸಿದೆ. ನೂರಕ್ಕೆ 51 ಅಂದರೆ 49 ಸಲ ಸೋಲು ಇದ್ದೇ ಇದೆಯಲ್ಲ. ಮಾರನೆಯ ವಾರ ಬುದ್ಧಿವಂತಿಕೆ ಮಾಡಿ 40 ಮಕ್ಕಳಿದ್ದ ಹತ್ತನೇ ಕ್ಲಾಸಿಗೆ ಕರೆದುಕೊಂಡು ಹೋದೆ. ಅಲ್ಲಿ ನೂರಕ್ಕೆ 89. ಹದಿನೇಳನೆಯ ಹುಡುಗಿಗೇ ಜೋಡಿ ಸಿಕ್ಕಿತು.

ಈ ಲೆಕ್ಕದಲ್ಲಿ ಫೆಬ್ರವರಿ 29 ಬಿಟ್ಟಿದ್ದೇನೆ, ಮಕ್ಕಳು ಎಲ್ಲ ದಿನವೂ ಸಮನಾಗಿ ಹುಟ್ಟುತ್ತಾರೆ ಅಂತಲೂ ಒಪ್ಪಿಕೊಂಡಿದ್ದೇನೆ. ನಿಜದಲ್ಲಿ ಕೆಲವು ತಿಂಗಳಲ್ಲಿ ಹೆರಿಗೆ ಜಾಸ್ತಿ. ಹಾಗೆ ಏರುಪೇರಾದರೆ ಜೋಡಿ ಸಿಗುವ ಸಂಭವ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಕ್ಲಾಸಿನಲ್ಲಿ ಅವಳಿ ಮಕ್ಕಳಿದ್ದರಂತೂ ಮುಗಿದೇ ಹೋಯಿತು, ಅಂಥವರನ್ನು ಮೊದಲೇ ಪಕ್ಕಕ್ಕಿಡಿ.

ಒಂದು ಎಚ್ಚರಿಕೆ. ಪಂದ್ಯವನ್ನು ಹಿರಿಯರ ಹತ್ತಿರ, ಅದರಲ್ಲೂ ದಾಖಲೆ ನೋಡಿ ಕಟ್ಟಬೇಡಿ. ಈಚೆಗೆ ನಾವು ಪಿಂಚಣಿದಾರರು ಹನ್ನೆರಡು ಜನ ಸೇರಿದ್ದೆವು. ಸುಮ್ನೆ ಹುಟ್ಟಿದ ತಾರೀಖು ಕೇಳಿದೆ. ನಾಲ್ಕು ಜನರದು ಜೂನ್ 1! ಆಗೆಲ್ಲ ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲ ಅಂದರೆ ಮೇಷ್ಟ್ರೇ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ಆ ನಾಲ್ವರಲ್ಲಿ ನಾನೂ ಒಬ್ಬ. ನಾನು ಹುಟ್ಟಿದ್ದು ರಾಗಿ ಒಕ್ಕಣೆ ಹೊತ್ತಿನಲ್ಲಿ ಅಂತ ನಮ್ಮಮ್ಮ ಕೊನೆತನಕ ಹೇಳುತ್ತಿದ್ದರು.

ನಮಸ್ಕಾರ.